ಸಹಿ ಹಾಕುವ ಮುನ್ನ ಕಮಿಷನ್ ಪ್ಲಾನ್‌ಗೆ ನಿಮ್ಮ ಒಂದು ವರ್ಷ ಹಾಕಿ ನೋಡಿ

ಅಣ್ಣನ ಮಗಳು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ವರ್ಷ ಮಾರಾಟದ ಕೆಲಸ ಮಾಡಿದ್ದಳು. ಬೆಂಗಳೂರಿನ ದೊಡ್ಡ ಕಂಪನಿಯೊಂದರಿಂದ ಆಫರ್ ಬಂದ ಸಂಜೆ ನನಗೆ ಫೋನ್ ಮಾಡಿ, "ಚಿಕ್ಕಪ್ಪ, ಇಪ್ಪತ್ತನಾಲ್ಕು ಲಕ್ಷ ಕೊಡುತ್ತಾರಂತೆ, ಸೋಮವಾರದೊಳಗೆ ಸಹಿ ಹಾಕಬೇಕಂತೆ" ಎಂದಳು. ನಾನು ಇದೇ ವೃತ್ತಿಯಲ್ಲಿ ಬಹಳ ವರ್ಷ ಕಳೆದವನು. ಅವಳಿಗೆ ಕೇಳಿದ ಮೊದಲ ಪ್ರಶ್ನೆ, "ಕೊಡುತ್ತಾರೋ, ಕೊಡಬಹುದು ಎಂದು ಬರೆದಿದ್ದಾರೋ?"

ಆ ಶನಿವಾರ, ಭಾನುವಾರ ನಾವಿಬ್ಬರೂ ಕುಳಿತು ಆ ಕಮಿಷನ್ ಪ್ಲಾನ್ ಓದಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಚಂದಾ ಮಾರುವ ಕೆಲಸದ ಉದಾಹರಣೆ ಇದು. ಕಾಗದದ ಮೇಲಿನ ಅಂಕಿ ಬೇರೆಯಿದ್ದರೂ ನಿಮ್ಮ ಪ್ಲಾನ್‌ನ ಎಲುಬುಗೂಡು ಬಹುಮಟ್ಟಿಗೆ ಇದೇ ಆಗಿರುತ್ತದೆ. ಇಂಥ ಪ್ಲಾನ್ ಅನ್ನು ಬರೀ ಓದಿದರೆ ಅರ್ಥವಾಗುವುದಿಲ್ಲ. ನಿಮ್ಮದೇ ಒಂದು ವರ್ಷದ ಮಾರಾಟವನ್ನು ಅದರೊಳಗೆ ಹಾಕಿ, ಆಚೆ ಎಷ್ಟು ಬರುತ್ತದೆ ಎಂದು ನೋಡಬೇಕು.

ಮೊದಲು ಪ್ಲಾನ್ ಕೈಗೆ ಬರಲಿ

ಆಫರ್ ಲೆಟರ್‌ನಲ್ಲಿ ಇದ್ದದ್ದು ಒಂದೇ ಸಾಲು: ಫಿಕ್ಸೆಡ್ 14.4 ಲಕ್ಷ, ವೇರಿಯಬಲ್ 9.6 ಲಕ್ಷ, ವೇರಿಯಬಲ್ ಪಾವತಿ ಕಂಪನಿಯ ನೀತಿಯ ಪ್ರಕಾರ. ಆ ನೀತಿ ಎಲ್ಲಿದೆ ಎಂದು ಅವಳು ಕೇಳಿದಾಗ ಎಚ್‌ಆರ್ ಕಡೆಯವರು, ಸೇರಿದ ಮೇಲೆ ಕೊಡುತ್ತೇವೆ ಎಂದರು. ಇಲ್ಲಿಯೇ ನಿಲ್ಲಬೇಕು. ಒಟ್ಟು ಮೊತ್ತದ ಹತ್ತರಲ್ಲಿ ನಾಲ್ಕು ಭಾಗವನ್ನು ನಿರ್ಧರಿಸುವ ಕಾಗದವನ್ನು ನೋಡದೆ ಸಹಿ ಹಾಕುವಂತಿಲ್ಲ.

ಒಂದು ಮೇಲ್ ಬರೆಯಲು ಹೇಳಿದೆ. ಈ ಹುದ್ದೆಗೆ ಈ ವರ್ಷ ಜಾರಿಯಲ್ಲಿರುವ ಕಮಿಷನ್ ಪ್ಲಾನ್‌ನ ಪೂರ್ಣ ಪ್ರತಿ, ಷರತ್ತುಗಳ ಪುಟಗಳ ಸಮೇತ ಬೇಕು. ನನ್ನ ಟಾರ್ಗೆಟ್ ಎಷ್ಟು, ಯಾವ ಪ್ರದೇಶ, ಯಾವ ಗ್ರಾಹಕರು ಎಂಬುದು ಲಿಖಿತವಾಗಿ ಬೇಕು. ಅದನ್ನು ಓದಿದ ಎರಡು ದಿನದೊಳಗೆ ಉತ್ತರ ಕೊಡುತ್ತೇನೆ. ಇಷ್ಟೇ. ಜಗಳವಿಲ್ಲ, ಅಂಗಲಾಚುವುದೂ ಇಲ್ಲ. ಮರುದಿನ ಬೆಳಿಗ್ಗೆ ಒಂಬತ್ತು ಪುಟದ ಪಿಡಿಎಫ್ ಬಂತು. ಗೌಪ್ಯ ಎಂಬ ಕಾರಣಕ್ಕೆ ಕಳುಹಿಸಲು ಒಪ್ಪದಿದ್ದರೆ, ಕಚೇರಿಗೆ ಹೋಗಿ ಕುಳಿತು ಓದಿ ಟಿಪ್ಪಣಿ ಮಾಡಿಕೊಳ್ಳುತ್ತೇನೆ ಎನ್ನಿ. ಅದಕ್ಕೂ ಒಪ್ಪದ ಕಂಪನಿಯಲ್ಲಿ ವೇರಿಯಬಲ್ ಅನ್ನು ಸೊನ್ನೆ ಎಂದು ಲೆಕ್ಕ ಹಿಡಿದು, ಫಿಕ್ಸೆಡ್ ಒಂದಕ್ಕೇ ಆ ಕೆಲಸ ಬೇಕೋ ಬೇಡವೋ ಎಂದು ತೀರ್ಮಾನಿಸಿ. ಫಿಕ್ಸೆಡ್ ಎಂಬುದರಲ್ಲೂ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಯಿಟಿ ಸೇರಿಸಿ ತೋರಿಸಿರುತ್ತಾರೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಬೇರೆಯಾಗಿ ಕೇಳಿ ತಿಳಿದುಕೊಳ್ಳಿ.

ದರವನ್ನು ನೀವೇ ಕಂಡುಹಿಡಿಯಿರಿ

ಪಿಡಿಎಫ್ ತೆರೆದ ಕೂಡಲೇ ಎರಡು ಅಂಕಿ ಹುಡುಕಿ: ಟಾರ್ಗೆಟ್ ಮುಟ್ಟಿದರೆ ಸಿಗುವ ಕಮಿಷನ್, ಮತ್ತು ಆ ಟಾರ್ಗೆಟ್. ನಮ್ಮ ಉದಾಹರಣೆಯಲ್ಲಿ ವರ್ಷದ ಟಾರ್ಗೆಟ್ 120 ಲಕ್ಷ, ಕಮಿಷನ್ 9.6 ಲಕ್ಷ. ಭಾಗಿಸಿದರೆ ಶೇ 8. ನೂರು ರೂಪಾಯಿ ಮಾರಿದರೆ ಎಂಟು ರೂಪಾಯಿ. ಇದು ಮೂಲ ದರ. ಮುಂದಿನ ಎಲ್ಲ ಷರತ್ತುಗಳೂ ಈ ಎಂಟನ್ನು ಏರಿಸುವ ಇಲ್ಲವೇ ಇಳಿಸುವ ಸಾಲುಗಳೇ.

ಟಾರ್ಗೆಟ್‌ಗೆ ಲೆಕ್ಕವಾಗುವ ಮಾರಾಟ ಯಾವುದು ಎಂಬುದನ್ನೂ ಇಲ್ಲಿಯೇ ಗುರುತು ಹಾಕಿಕೊಳ್ಳಿ. ಜಿಎಸ್‌ಟಿ ಬಿಟ್ಟ ಮೊತ್ತವೋ ಸೇರಿದ ಮೊತ್ತವೋ? ಟಾರ್ಗೆಟ್ ಮತ್ತು ಕಮಿಷನ್ ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು. ಮೂರು ವರ್ಷದ ಒಪ್ಪಂದ ತಂದರೆ ಮೊದಲ ವರ್ಷದ ಹಣ ಮಾತ್ರ ಸೇರುತ್ತದೆಯೋ, ಪೂರ್ತಿಯೋ? ಹಳೆಯ ಗ್ರಾಹಕರು ಇನ್ನಷ್ಟು ಕೊಂಡರೆ ಅದು ನಿಮ್ಮ ಖಾತೆಗೆ ಬರುತ್ತದೆಯೋ ಇನ್ನೊಬ್ಬರ ಖಾತೆಗೋ?

ಎಲ್ಲಕ್ಕಿಂತ ಮುಖ್ಯವಾದದ್ದು, ಕಮಿಷನ್ ನಿಮ್ಮದಾಗುವುದು ಯಾವ ಗಳಿಗೆಯಲ್ಲಿ ಎಂಬುದು. ಗ್ರಾಹಕ ಸಹಿ ಹಾಕಿದಾಗಲೋ, ಬಿಲ್ ಹೋದಾಗಲೋ, ಹಣ ಬಂದಾಗಲೋ? ನಮ್ಮ ಪ್ಲಾನ್‌ನಲ್ಲಿ ಇದ್ದದ್ದು "ಬಿಲ್ ಮೊತ್ತ ಪೂರ್ಣವಾಗಿ ಜಮೆಯಾದಾಗ" ಎಂದು. ಇದರಲ್ಲಿ ಒಂದು ಮುಳ್ಳಿದೆ. ನಮ್ಮ ದೇಶದಲ್ಲಿ ಕಂಪನಿಗಳು ಇಂಥ ಸೇವೆಗಳಿಗೆ ಪರಸ್ಪರ ಹಣ ಕೊಡುವಾಗ ಸಾಮಾನ್ಯವಾಗಿ ಟಿಡಿಎಸ್ ಮುರಿದುಕೊಂಡೇ ಕೊಡುತ್ತವೆ. ಹಾಗಾದರೆ ಬ್ಯಾಂಕಿಗೆ ಬರುವುದು ಹೆಚ್ಚಿನ ಸಲ ಪೂರ್ಣ ಮೊತ್ತವಲ್ಲ. ಟಿಡಿಎಸ್ ಕಡಿತವನ್ನು ಬಾಕಿ ಎಂದು ಎಣಿಸುವುದಿಲ್ಲ ಎಂಬ ಒಂದು ಸಾಲನ್ನು ಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ.

ಆಕ್ಸಿಲರೇಟರ್: ದರ ಏರುವುದು ಎಲ್ಲಿಂದ?

ಟಾರ್ಗೆಟ್ ದಾಟಿದ ಮೇಲೆ ದರ ಏರುವ ವ್ಯವಸ್ಥೆಗೆ ಆಕ್ಸಿಲರೇಟರ್ ಎನ್ನುತ್ತಾರೆ. ನಮ್ಮ ಪ್ಲಾನ್‌ನಲ್ಲಿ ಟಾರ್ಗೆಟ್ ಮುಟ್ಟಿದ ಮೇಲೆ ಒಂದೂವರೆ ಪಟ್ಟು, ಅಂದರೆ ಶೇ 8 ಇದ್ದದ್ದು ಶೇ 12. ಸಂದರ್ಶನದಲ್ಲಿ ಮ್ಯಾನೇಜರ್ ಉತ್ಸಾಹದಿಂದ ಹೇಳುವುದು ಈ ಸಾಲನ್ನೇ.

ಕೇಳಬೇಕಾದ ಮೊದಲ ಪ್ರಶ್ನೆ, ಶೇ 12 ಯಾವ ರೂಪಾಯಿಗೆ? ಆದಾಯ ತೆರಿಗೆಯ ಸ್ಲ್ಯಾಬ್ ನೆನೆಸಿಕೊಳ್ಳಿ. ಮೇಲಿನ ಸ್ಲ್ಯಾಬ್‌ಗೆ ಹೋದರೆ ಹೆಚ್ಚಿನ ದರ ಬೀಳುವುದು ಆ ಗಡಿಯಿಂದ ಮೇಲಿನ ಹಣಕ್ಕೆ ಮಾತ್ರ, ಕೆಳಗಿನದಕ್ಕೆ ಹಳೆಯ ದರವೇ. ಹೆಚ್ಚಿನ ಕಮಿಷನ್ ಪ್ಲಾನ್‌ಗಳೂ ಹೀಗೆಯೇ ನಡೆಯುತ್ತವೆ. ವರ್ಷದಲ್ಲಿ 130 ಲಕ್ಷ ಮಾರಿದರೆ ಮೊದಲ 120ಕ್ಕೆ ಶೇ 8ರಂತೆ 9.6 ಲಕ್ಷ, ಉಳಿದ 10ಕ್ಕೆ ಶೇ 12ರಂತೆ 1.2 ಲಕ್ಷ, ಒಟ್ಟು 10.8 ಲಕ್ಷ. ಕೆಲವು ಪ್ಲಾನ್‌ಗಳಲ್ಲಿ ಮಾತ್ರ ಟಾರ್ಗೆಟ್ ದಾಟಿದೊಡನೆ ಮೊದಲ ರೂಪಾಯಿಯಿಂದಲೇ ಹೊಸ ದರ ಅನ್ವಯವಾಗುತ್ತದೆ. ಆಗ ಅದೇ 130 ಲಕ್ಷಕ್ಕೆ 15.6 ಲಕ್ಷ ಸಿಗುತ್ತದೆ. ವಾಕ್ಯದಲ್ಲಿನ ವ್ಯತ್ಯಾಸ ಒಂದೆರಡು ಪದ, ಹಣದ ವ್ಯತ್ಯಾಸ 4.8 ಲಕ್ಷ. ಪ್ಲಾನ್ ಸ್ಪಷ್ಟವಾಗಿ ಹೇಳದಿದ್ದರೆ ಮೊದಲ ಬಗೆಯದೇ ಎಂದು ತಿಳಿಯಿರಿ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ, ಆದರೆ ಕೇಳುವವರು ಕಡಿಮೆ. ಅಳತೆ ವರ್ಷಕ್ಕೋ, ತ್ರೈಮಾಸಿಕಕ್ಕೋ? ನಮ್ಮ ಪ್ಲಾನ್‌ನ ನಾಲ್ಕನೆಯ ಪುಟದಲ್ಲಿ ವರ್ಷದ 120 ಲಕ್ಷವನ್ನು ಮೂವತ್ತು ಮೂವತ್ತು ಲಕ್ಷದ ನಾಲ್ಕು ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆಯಾಗಿ ಅಳೆಯುತ್ತೇವೆ ಎಂದು ಬರೆದಿತ್ತು. ಜೊತೆಗೆ ಇನ್ನೊಂದು ಸಾಲು: ತ್ರೈಮಾಸಿಕ ಟಾರ್ಗೆಟ್‌ನ ಅರ್ಧಕ್ಕಿಂತ ಕಡಿಮೆ, ಅಂದರೆ 15 ಲಕ್ಷಕ್ಕಿಂತ ಕಡಿಮೆ ಮಾರಿದರೆ ಆ ತ್ರೈಮಾಸಿಕಕ್ಕೆ ಕಮಿಷನ್ ಇಲ್ಲ. ಇದನ್ನು ಥ್ರೆಶ್‌ಹೋಲ್ಡ್ ಎನ್ನುತ್ತಾರೆ. ಹೊಸ್ತಿಲು ಎಂದರೂ ಸರಿಯೇ. ಹೊಸ್ತಿಲು ದಾಟಿದರೆ ಮೊದಲ ರೂಪಾಯಿಯಿಂದ ಕಮಿಷನ್, ದಾಟದಿದ್ದರೆ ಸೊನ್ನೆ.

ಕ್ಯಾಪ್: ಮೇಲಿನ ತಡೆ

ಆಕ್ಸಿಲರೇಟರ್ ಇರುವ ಪುಟದ ಆಚೀಚೆ ಕ್ಯಾಪ್ ಇರುತ್ತದೆ. ಕೆಲವು ಪ್ಲಾನ್‌ಗಳು ವರ್ಷದ ಒಟ್ಟು ಕಮಿಷನ್‌ಗೆ ಮಿತಿ ಹಾಕುತ್ತವೆ, ಕೆಲವು ಒಂದು ಡೀಲ್‌ಗೆ, ಕೆಲವು ತ್ರೈಮಾಸಿಕಕ್ಕೆ. ನಮ್ಮದು ಮೂರನೆಯದು. ತ್ರೈಮಾಸಿಕ ಟಾರ್ಗೆಟ್‌ನ ಶೇ 150, ಅಂದರೆ 45 ಲಕ್ಷದ ಮೇಲಿನ ಮಾರಾಟಕ್ಕೆ ಕಮಿಷನ್ ಇಲ್ಲ. ಮುಂದಿನ ತ್ರೈಮಾಸಿಕಕ್ಕೆ ಸಾಗಿಸುವುದೂ ಇಲ್ಲ.

ಕ್ಯಾಪ್ ಎಂಬ ಪದವೇ ಇಲ್ಲದ ಪ್ಲಾನ್‌ನಲ್ಲೂ ಕ್ಯಾಪ್ ಇರಬಹುದು. "ಅಸಾಧಾರಣ ಗಾತ್ರದ ಡೀಲ್‌ಗಳ ಕಮಿಷನ್ ಅನ್ನು ಮರುಪರಿಶೀಲಿಸುವ ಹಕ್ಕು ಕಂಪನಿಗಿದೆ" ಎಂಬ ಸಾಲನ್ನು ಹುಡುಕಿ. ಅಸಾಧಾರಣ ಎಂದರೆ ಎಷ್ಟು ಲಕ್ಷ ಎಂದು ಬರೆದಿರದಿದ್ದರೆ, ನೀವು ತಂದ ದೊಡ್ಡ ಡೀಲ್‌ನ ಕಮಿಷನ್ ಎಷ್ಟೆಂದು ಡೀಲ್ ಆದ ಮೇಲೆ ಅವರು ತೀರ್ಮಾನಿಸುತ್ತಾರೆ. ಕಂಪನಿಯ ಕಡೆಯಿಂದ ನೋಡಿದರೆ ಇದಕ್ಕೆ ಕಾರಣವಿದೆ. ಯಾವುದೋ ದೊಡ್ಡ ಸಂಸ್ಥೆ ತಾನಾಗಿ ಬಂದು ಕೊಂಡರೆ ಅದರ ಪೂರ್ತಿ ಕಮಿಷನ್ ಒಬ್ಬರಿಗೆ ಹೋಗಬಾರದು ಎಂಬ ಎಣಿಕೆ ಅದು. ಒಪ್ಪಬಹುದು; ಆದರೆ ಆ ಮೊತ್ತ ಮೊದಲೇ ಬರೆದಿರಬೇಕು.

ಈಗ ನಿಮ್ಮ ವರ್ಷವನ್ನು ಹಾಕಿ

ಇಲ್ಲಿಯವರೆಗೆ ಓದಿದ್ದನ್ನು ಸ್ಪ್ರೆಡ್‌ಶೀಟ್‌ನ ಒಂದು ಸೂತ್ರಕ್ಕೆ ಇಳಿಸಿದೆವು. A2 ಎಂಬಲ್ಲಿ ಒಂದು ತ್ರೈಮಾಸಿಕದ ಮಾರಾಟವನ್ನು ಲಕ್ಷಗಳಲ್ಲಿ ಬರೆದರೆ ಕಮಿಷನ್ ಲಕ್ಷಗಳಲ್ಲಿ ಬರುತ್ತದೆ:

```
=IF(A2<15,0,MIN(A2,30)*8%+MAX(0,MIN(A2,45)-30)*12%)
```

ಸೂತ್ರದಲ್ಲಿ 15 ಹೊಸ್ತಿಲು, 30 ಟಾರ್ಗೆಟ್, 45 ಕ್ಯಾಪ್. ನಿಮ್ಮ ಪ್ಲಾನ್‌ನ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿ.

ಹಾಕಬೇಕಾದ ಮಾರಾಟ ಎಷ್ಟು? ಎಲ್ಲರೂ ಮೂವತ್ತು, ಮೂವತ್ತು, ಮೂವತ್ತು, ಮೂವತ್ತು ಎಂದು ಹಾಕಿ 9.6 ಬಂತು ಎಂದು ಸಂತೋಷಪಡುತ್ತಾರೆ. ಮಾರಾಟ ಹಾಗೆ ಸಮನಾಗಿ ಬರುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಗ್ರಾಹಕರ ಹೊಸ ಬಜೆಟ್ ಇನ್ನೂ ಹಂಚಿಕೆಯಾಗಿರುವುದಿಲ್ಲ. ದಸರಾ, ದೀಪಾವಳಿಯ ನಡುವೆ ಸಹಿ ಹಾಕಬೇಕಾದವರು ರಜೆಯಲ್ಲಿರುತ್ತಾರೆ. ಮಾರ್ಚ್ ಬಂತೆಂದರೆ ಉಳಿದ ಬಜೆಟ್ ಖರ್ಚು ಮಾಡಲು ಎಲ್ಲರಿಗೂ ಅವಸರ. ಅಣ್ಣನ ಮಗಳ ಹಿಂದಿನ ಎರಡು ವರ್ಷದ ಮಾರಾಟದಲ್ಲೂ ಇದೇ ಏರಿಳಿತ ಕಂಡಿತು. ಅದೇ ಅನುಪಾತವನ್ನು ಹೊಸ ಕೆಲಸದ ಗಾತ್ರಕ್ಕೆ ಹಿಗ್ಗಿಸಿದಾಗ ನಾಲ್ಕು ತ್ರೈಮಾಸಿಕಕ್ಕೆ 12, 36, 14, 68 ಲಕ್ಷ ಬಂತು. ಒಟ್ಟು 130. ಅಂದರೆ ಟಾರ್ಗೆಟ್ ಮೀರಿದ, ಯಾರಾದರೂ ಬೆನ್ನು ತಟ್ಟಬೇಕಾದ ವರ್ಷ.

ಮೊದಲ ತ್ರೈಮಾಸಿಕದ 12 ಲಕ್ಷ ಹೊಸ್ತಿಲ ಕೆಳಗೆ ನಿಂತಿತು, ಕಮಿಷನ್ ಸೊನ್ನೆ. ಎರಡನೆಯದರಲ್ಲಿ 36 ಲಕ್ಷ: ಮೊದಲ ಮೂವತ್ತಕ್ಕೆ 2.4, ಮೇಲಿನ ಆರಕ್ಕೆ 0.72, ಒಟ್ಟು 3.12 ಲಕ್ಷ. ಮೂರನೆಯದರಲ್ಲಿ 14 ಲಕ್ಷ, ಒಂದೇ ಒಂದು ಲಕ್ಷ ಕಡಿಮೆಯಾಗಿ ಮತ್ತೆ ಸೊನ್ನೆ. ನಾಲ್ಕನೆಯದರಲ್ಲಿ 68 ಲಕ್ಷ ಮಾರಿದರೂ 45ರವರೆಗೆ ಮಾತ್ರ ಲೆಕ್ಕ. 2.4ಕ್ಕೆ 1.8 ಸೇರಿ 4.2 ಲಕ್ಷ, ಉಳಿದ 23 ಲಕ್ಷದ ಮಾರಾಟಕ್ಕೆ ಏನೂ ಇಲ್ಲ. ವರ್ಷದ ಒಟ್ಟು ಕಮಿಷನ್ 7.32 ಲಕ್ಷ.

ಇದೇ 130 ಲಕ್ಷವನ್ನು ವರ್ಷಕ್ಕೊಮ್ಮೆ ಅಳೆದಿದ್ದರೆ 10.8 ಲಕ್ಷ ಬರುತ್ತಿತ್ತು ಎಂದು ಆಗಲೇ ನೋಡಿದೆವು. ದುಡಿಮೆ ಅದೇ, ಗ್ರಾಹಕರು ಅವರೇ, ದರವೂ ಅದೇ. ಅಳತೆಗೋಲು ಬದಲಾದದ್ದಕ್ಕೆ 3.48 ಲಕ್ಷ ಹೋಯಿತು. ಅವಳು ಪರದೆಯನ್ನೇ ನೋಡುತ್ತ, "ಟಾರ್ಗೆಟ್ ದಾಟಿದರೂ ಹೇಳಿದ ಹಣ ಬರುವುದಿಲ್ಲವಲ್ಲ ಚಿಕ್ಕಪ್ಪ" ಎಂದಳು. ಒಂದೂವರೆ ಪಟ್ಟು ಎಂಬ ಆಕರ್ಷಣೆಯ ಸಾಲು ಸುಳ್ಳಲ್ಲ. ಅದರ ಕೆಳಗಿನ ಹೊಸ್ತಿಲು ಮತ್ತು ಮೇಲಿನ ಕ್ಯಾಪ್ ಸೇರಿದಾಗ, ಏರಿಳಿತದ ಮಾರಾಟಕ್ಕೆ ಆ ಸಾಲು ಬಹಳ ಕಡಿಮೆ ದಕ್ಕುತ್ತದೆ ಅಷ್ಟೇ.

ಇಷ್ಟಾದ ಮೇಲೆ ಒಂದು ಸಾಧಾರಣ ವರ್ಷವನ್ನೂ ಹಾಕಿ. ಟಾರ್ಗೆಟ್‌ನ ಶೇ 70 ಮಾತ್ರ ಮಾರಿದರೆ ಎಷ್ಟು? ಇದನ್ನು ತಿಳಿಯಲು ಮ್ಯಾನೇಜರ್‌ಗೆ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ಇದೇ ಹುದ್ದೆಯಲ್ಲಿದ್ದವರು ಎಷ್ಟು ಜನ, ಅವರಲ್ಲಿ ಟಾರ್ಗೆಟ್ ಮುಟ್ಟಿದವರೆಷ್ಟು? "ನಮ್ಮ ಅತ್ಯುತ್ತಮ ಉದ್ಯೋಗಿ ಎರಡು ಪಟ್ಟು ಮಾಡಿದರು" ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ. ನಡುವಿನವರು ಎಷ್ಟು ಮಾಡಿದರು ಎಂದು ಮತ್ತೆ ಕೇಳಿ. ಸಾಧ್ಯವಾದರೆ ಆ ತಂಡದಲ್ಲಿ ಈಗಿರುವ ಅಥವಾ ಬಿಟ್ಟುಹೋದ ಒಬ್ಬರೊಡನೆ ಮಾತನಾಡಿ. ಈ ಒಂದು ಮಾತುಕತೆ ಒಂಬತ್ತು ಪುಟಕ್ಕಿಂತ ಹೆಚ್ಚು ಹೇಳುತ್ತದೆ.

ಕ್ಲಾಬ್ಯಾಕ್: ಕೊಟ್ಟದ್ದನ್ನು ಹಿಂಪಡೆಯುವ ಪುಟ

ಕಮಿಷನ್ ಕೊಟ್ಟಾದ ಮೇಲೆ ಗ್ರಾಹಕ ಒಪ್ಪಂದ ರದ್ದು ಮಾಡಿದರೆ ಅಥವಾ ಹಣ ಕೊಡದಿದ್ದರೆ ಕಂಪನಿ ಅದನ್ನು ವಾಪಸ್ ಕೇಳುತ್ತದೆ. ಇದು ಕ್ಲಾಬ್ಯಾಕ್. ತತ್ವದಲ್ಲಿ ನನಗೆ ತಕರಾರಿಲ್ಲ. ಸುಳ್ಳು ಭರವಸೆ ಕೊಟ್ಟು ಮಾರಿ, ಎರಡು ತಿಂಗಳಲ್ಲಿ ರದ್ದಾಗುವ ಡೀಲ್‌ಗಳಿಗೆ ಕಮಿಷನ್ ತಿನ್ನುವವರನ್ನು ನಾನೇ ಕಂಡಿದ್ದೇನೆ. ತಕರಾರು ಇರುವುದು ಅದರ ಅಂಚು ಎಲ್ಲಿಯವರೆಗೆ ಹರಡಿದೆ ಎಂಬುದರಲ್ಲಿ.

ನಮ್ಮ ಪ್ಲಾನ್‌ನ ಏಳನೆಯ ಪುಟದಲ್ಲಿದ್ದದ್ದು ಹೀಗೆ: ಹನ್ನೆರಡು ತಿಂಗಳೊಳಗೆ ಯಾವುದೇ ಕಾರಣಕ್ಕೆ ಒಪ್ಪಂದ ರದ್ದಾದರೆ, ಆ ಡೀಲ್ ಅನ್ನು ಅದು ಆದ ತ್ರೈಮಾಸಿಕದಿಂದ ತೆಗೆದು, ಆ ತ್ರೈಮಾಸಿಕದ ಕಮಿಷನ್ ಅನ್ನು ಹೊಸದಾಗಿ ಲೆಕ್ಕ ಹಾಕಿ, ವ್ಯತ್ಯಾಸವನ್ನು ವಸೂಲು ಮಾಡಲಾಗುವುದು. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಅಂಕಿ ಹಾಕಿ ನೋಡಿ.

ಎರಡನೆಯ ತ್ರೈಮಾಸಿಕದ 36 ಲಕ್ಷದಲ್ಲಿ 22 ಲಕ್ಷ ಒಬ್ಬನೇ ಗ್ರಾಹಕನದು ಎಂದುಕೊಳ್ಳಿ. ಆಗಸ್ಟ್‌ನಲ್ಲಿ ಸಹಿ ಹಾಕಿ ವರ್ಷದ ಹಣ ಕಟ್ಟಿದ ಅವನು ಎಂಟು ತಿಂಗಳು ಬಳಸಿ, ಉಳಿದ ನಾಲ್ಕು ತಿಂಗಳ ಹಣ ವಾಪಸ್ ಪಡೆದು, ಏಪ್ರಿಲ್‌ನಲ್ಲಿ ಬಿಟ್ಟ. ಅವನನ್ನು ತೆಗೆದರೆ ಆ ತ್ರೈಮಾಸಿಕದಲ್ಲಿ ಉಳಿಯುವುದು 14 ಲಕ್ಷ. ಅದು ಹೊಸ್ತಿಲ ಕೆಳಗೆ. ಹೊಸ ಲೆಕ್ಕದಲ್ಲಿ ಕಮಿಷನ್ ಸೊನ್ನೆ. ಕಂಪನಿ ಪೂರ್ತಿ 3.12 ಲಕ್ಷವನ್ನೂ ಹಿಂದಕ್ಕೆ ಕೇಳುತ್ತದೆ. ಬಿಟ್ಟುಹೋಗದೆ ಹಣ ಕಟ್ಟುತ್ತಿರುವ ಉಳಿದ ಗ್ರಾಹಕರ 14 ಲಕ್ಷದ ಮೇಲಿನ ಕಮಿಷನ್ ಕೂಡ ಹೋಯಿತು! ಬಿಟ್ಟುಹೋದವನು ಕೊಟ್ಟ ಎಂಟು ತಿಂಗಳ ಹಣ ಮಾತ್ರ ಕಂಪನಿಯಲ್ಲೇ ಉಳಿಯಿತು. ಟಾರ್ಗೆಟ್ ಮೀರಿದ ವರ್ಷದ ಕಮಿಷನ್ ಈಗ 4.2 ಲಕ್ಷ.

ಆದ್ದರಿಂದ ಕ್ಲಾಬ್ಯಾಕ್ ಪುಟದಲ್ಲಿ ವಾಪಸ್ ಕೇಳುವ ಮೊತ್ತ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ಹಿಡಿಯಿರಿ. ಆ ಒಂದು ಡೀಲ್‌ಗೆ ಕೊಟ್ಟದ್ದನ್ನು ಮಾತ್ರ ಕೇಳುತ್ತಾರೋ, ಇಡೀ ತ್ರೈಮಾಸಿಕವನ್ನು ಮತ್ತೆ ಲೆಕ್ಕ ಹಾಕುತ್ತಾರೋ? ಗ್ರಾಹಕ ಬಳಸಿ ಹಣ ಕೊಟ್ಟ ತಿಂಗಳುಗಳಿಗೆ ರಿಯಾಯಿತಿ ಇದೆಯೋ? ನ್ಯಾಯವಾದ ರೂಪ ಹೀಗಿರುತ್ತದೆ: 36 ಲಕ್ಷಕ್ಕೆ 3.12 ಲಕ್ಷ ಕೊಟ್ಟಿದ್ದರಿಂದ ಸರಾಸರಿ ದರ ಸುಮಾರು ಶೇ 8.67, ಅದರಂತೆ 22 ಲಕ್ಷಕ್ಕೆ ಸಂದದ್ದು ಸುಮಾರು 1.91 ಲಕ್ಷ, ಹನ್ನೆರಡರಲ್ಲಿ ನಾಲ್ಕು ತಿಂಗಳು ಉಳಿದಿದ್ದರಿಂದ ಅದರ ಮೂರನೇ ಒಂದು ಭಾಗ, ಸುಮಾರು 64,000 ರೂಪಾಯಿ ವಾಪಸ್. ಒಂದೇ ಘಟನೆ, ಒಂದು ವಾಕ್ಯದಲ್ಲಿ 3.12 ಲಕ್ಷ, ಇನ್ನೊಂದರಲ್ಲಿ 64,000.

"ಯಾವುದೇ ಕಾರಣಕ್ಕೆ" ಎಂಬ ಪದಗಳ ಕೆಳಗೂ ಗೆರೆ ಎಳೆಯಿರಿ. ಸಾಫ್ಟ್‌ವೇರ್ ಕೆಟ್ಟು ಗ್ರಾಹಕ ಬಿಟ್ಟರೆ, ಕಂಪನಿಯೇ ಆ ಸೇವೆ ನಿಲ್ಲಿಸಿದರೆ, ಅದು ಮಾರಿದವರ ತಪ್ಪಲ್ಲ. ಅಂಥವನ್ನು ಹೊರಗಿಡಲು ಕೇಳಬಹುದು. ನೀವು ಕೆಲಸ ಬಿಟ್ಟ ಮೇಲೂ ಕ್ಲಾಬ್ಯಾಕ್ ನಡೆಯುತ್ತದೆಯೇ ಎಂಬುದನ್ನೂ ನೋಡಿ. ಬಿಟ್ಟ ಮೇಲೆ ಆ ಗ್ರಾಹಕನನ್ನು ಉಳಿಸಿಕೊಳ್ಳಲು ನಿಮ್ಮಿಂದ ಏನೂ ಮಾಡಲಾಗುವುದಿಲ್ಲ.

ತೆರಿಗೆಯ ಒಂದು ಗಂಟು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ. ಉದ್ಯೋಗಿಗೆ ಬರುವ ಕಮಿಷನ್ ಸಂಬಳದ ಆದಾಯ. ಕೊಡುವಾಗಲೇ ಟಿಡಿಎಸ್ ಮುರಿದಿರುತ್ತಾರೆ. 3.12 ಲಕ್ಷದಲ್ಲಿ ಅಂದಾಜು ಐದನೇ ಒಂದು ಭಾಗ ತೆರಿಗೆಗೆ ಹೋಗಿದ್ದರೆ ಕೈಗೆ ಬಂದದ್ದು ಸುಮಾರು 2.5 ಲಕ್ಷ. ಗ್ರಾಹಕ ಬಿಟ್ಟದ್ದು ಏಪ್ರಿಲ್‌ನಲ್ಲಿ, ಅಂದರೆ ಮುಂದಿನ ಆರ್ಥಿಕ ವರ್ಷದಲ್ಲಿ. ಹಿಂದಿನ ವರ್ಷದ ತೆರಿಗೆ ಸರ್ಕಾರಕ್ಕೆ ಸಂದುಹೋಗಿದೆ. ಈಗ ಕಂಪನಿ 3.12 ಲಕ್ಷವನ್ನು ಕೈಯಿಂದ ಕಟ್ಟಿ ಎಂದರೆ, ನೀವು ಕಾಣದ ಅರವತ್ತು ಸಾವಿರವನ್ನೂ ನೀವೇ ಕಟ್ಟಬೇಕು. ಅದರ ಬದಲು ಮುಂದಿನ ಕಮಿಷನ್‌ನಲ್ಲಿ, ತೆರಿಗೆ ಮುರಿಯುವ ಮೊದಲೇ ಕಳೆದುಕೊಂಡರೆ ಈ ಹೊರೆ ಬಹುತೇಕ ಇಳಿಯುತ್ತದೆ. ವಸೂಲಿ ಮುಂದಿನ ಕಮಿಷನ್‌ನಿಂದ ಮಾತ್ರ, ಸಂಬಳದಿಂದಲ್ಲ ಎಂಬ ಸಾಲು ಸಿಕ್ಕರೆ ಬಹಳ ಒಳ್ಳೆಯದು.

ಬಿಟ್ಟುಹೋಗುವ ದಿನದ ಸಾಲು

ವರ್ಷಗಳ ಹಿಂದೆ ನಾನು ಒಂದು ಕಂಪನಿ ಬಿಟ್ಟಾಗ, ಆಗಲೇ ಹಣ ಬಂದಿದ್ದ ಡೀಲ್‌ಗಳ ಕಮಿಷನ್ ಪೂರ್ತಿ ಕಳೆದುಕೊಂಡೆ. ಪಾವತಿಯ ದಿನಾಂಕದಂದು ಉದ್ಯೋಗಿ ಹಾಜರಿ ಪಟ್ಟಿಯಲ್ಲಿರಬೇಕು ಎಂದು ಪ್ಲಾನ್‌ನಲ್ಲಿತ್ತು; ನನ್ನ ಕೊನೆಯ ದಿನ ಅದಕ್ಕಿಂತ ಹನ್ನೊಂದು ದಿನ ಮೊದಲೇ ಬಿದ್ದಿತ್ತು. ಸೇರುವಾಗ ಆ ಸಾಲನ್ನು ಓದಿಯೂ ಓದದಂತೆ ಮುಂದೆ ಹೋಗಿದ್ದೆ. ಆ ಹಣ ಮನೆಯ ಮುಂಗಡಕ್ಕೆಂದು ಎಣಿಸಿಟ್ಟದ್ದಾಗಿತ್ತು.

ಈ ಷರತ್ತಿನ ಬಲ ನೋಟಿಸ್ ಪೀರಿಯಡ್ ಜೊತೆ ಸೇರಿದಾಗ ತಿಳಿಯುತ್ತದೆ. ಕೆಲವು ಕಡೆ ರಾಜೀನಾಮೆ ಕೊಟ್ಟ ದಿನದಿಂದಲೇ ಕಮಿಷನ್ ನಿಲ್ಲುತ್ತದೆ. ನೋಟಿಸ್ 90 ದಿನವಾದರೆ ಒಂದು ತ್ರೈಮಾಸಿಕ ಪೂರ್ತಿ ಬರೀ ಫಿಕ್ಸೆಡ್‌ಗೆ ದುಡಿದಂತೆ. ಹಣ ಜಮೆಯಾದ ಡೀಲ್‌ಗಳ ಕಮಿಷನ್ ಅನ್ನು ಕೊನೆಯ ಲೆಕ್ಕದೊಡನೆ ಕೊಡುತ್ತೇವೆ ಎಂದು ಬರೆಸಿಕೊಳ್ಳಲು ಯತ್ನಿಸಿ.

ಕಾನೂನು ಕಾಪಾಡುತ್ತದೆಯಲ್ಲ ಎನ್ನುವವರಿಗೆ ಒಂದು ಮಾತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿ, ಕೆಲಸ ಬಿಟ್ಟ ಎರಡು ಕೆಲಸದ ದಿನಗಳಲ್ಲಿ ವೇತನ ಚುಕ್ತಾ ಆಗಬೇಕು ಎಂದಿದೆ. ಆದರೆ ವೇತನ ಎಂಬುದರ ವ್ಯಾಖ್ಯೆಯಿಂದ ಕಮಿಷನ್ ಅನ್ನು ಹೊರಗಿಡಲಾಗಿದೆ. ಹೀಗೆ ಹೊರಗಿಟ್ಟ ಬಾಬತ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟು ಮಾತ್ರ ವೇತನವಾಗುತ್ತದೆ. ಹಾಗಾಗಿ ಕಮಿಷನ್ ವಿಷಯದಲ್ಲಿ ನಿಮಗೆ ಮುಖ್ಯ ಆಧಾರ ನಿಮ್ಮ ಕೈಯಲ್ಲಿರುವ ಕಾಗದವೇ. ಆ ಕಾಗದದ ಕೊನೆಯಲ್ಲಿ, ಪ್ಲಾನ್ ಅನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಕಂಪನಿಗಿದೆ ಎಂದೂ ಇರುತ್ತದೆ. ಇದನ್ನು ಯಾರೂ ತೆಗೆಯುವುದಿಲ್ಲ. ಬದಲಾವಣೆ ಮುಂದಿನ ಡೀಲ್‌ಗಳಿಗೆ ಮಾತ್ರ, ಈಗಾಗಲೇ ಸಹಿಯಾದವುಗಳಿಗೆ ಅಲ್ಲ ಎಂದು ಒಂದು ಸಾಲು ಸೇರಿಸಲು ಕೇಳಿ.

ಏನು ಕೇಳಬಹುದು, ಏನು ಸಿಗುವುದಿಲ್ಲ

ಇಡೀ ತಂಡಕ್ಕೆ ಒಂದೇ ಪ್ಲಾನ್ ಇರುವಾಗ ಮೂಲ ದರ, ಕ್ಯಾಪ್, ಅಳತೆಯ ಅವಧಿ ಇವನ್ನು ಹೊಸಬರೊಬ್ಬರಿಗಾಗಿ ಬದಲಿಸುವುದು ಅಪರೂಪ. ಆದರೆ ಒಬ್ಬರಿಗೆ ಮಾತ್ರ ಅನ್ವಯಿಸುವ ವಿನಾಯಿತಿಗಳನ್ನು ಆಫರ್ ಲೆಟರ್‌ನ ಅನುಬಂಧವಾಗಿ ಕೊಡುವುದುಂಟು. ಹೊಸ ಕೆಲಸದಲ್ಲಿ ಮೊದಲ ಆರು ತಿಂಗಳು ಗ್ರಾಹಕರನ್ನು ಹುಡುಕುವುದರಲ್ಲೇ ಹೋಗುತ್ತದೆ. ಆ ಅವಧಿಗೆ ಟಾರ್ಗೆಟ್ ತಗ್ಗಿಸಲು, ಹೊಸ್ತಿಲು ಬಿಡಲು ಕೇಳುವುದು ತೀರಾ ಸಹಜ. ಕೆಲವರು ಅದರ ಬದಲು ಮುಂಗಡ ಕಮಿಷನ್ ಕೊಡುತ್ತೇವೆ ಎನ್ನುತ್ತಾರೆ. ಆ ಮುಂಗಡವನ್ನು ಮುಂದೆ ಕಳೆದುಕೊಳ್ಳುತ್ತಾರೋ, ಹಾಗೇ ಬಿಡುತ್ತಾರೋ ಎಂದು ಕೇಳಿಯೇ ಒಪ್ಪಿ. ಕಳೆದುಕೊಳ್ಳುವಂಥದ್ದಾದರೆ ಅದು ಸಾಲ.

ಅಣ್ಣನ ಮಗಳು ಮೂರು ವಿಷಯ ಮಾತ್ರ ಕೇಳಿದಳು: ವರ್ಷದ ಕೊನೆಗೆ ಒಟ್ಟು ಮಾರಾಟದ ಮೇಲೆ ಲೆಕ್ಕ ಸರಿಹೊಂದಿಸುವುದು, ಮೊದಲ ಎರಡು ತ್ರೈಮಾಸಿಕಕ್ಕೆ ಹೊಸ್ತಿಲು ಬಿಡುವುದು, ಕ್ಲಾಬ್ಯಾಕ್ ಅನ್ನು ಆ ಡೀಲ್‌ನ ಉಳಿದ ತಿಂಗಳಿಗೆ ಸೀಮಿತಗೊಳಿಸುವುದು. ಮೇಲ್‌ನಲ್ಲಿ ತನ್ನ ನಾಲ್ಕು ತ್ರೈಮಾಸಿಕದ ಲೆಕ್ಕವನ್ನೂ ಲಗತ್ತಿಸಿದಳು. ಮೊದಲನೆಯದನ್ನು ಒಪ್ಪಲಿಲ್ಲ. ಉಳಿದ ಎರಡನ್ನು ಬುಧವಾರ ಬರೆದುಕೊಟ್ಟರು.

ನಾವು ಅದೇ ವರ್ಷವನ್ನು ಮತ್ತೆ ಹಾಕಿದೆವು. ಮೊದಲ ತ್ರೈಮಾಸಿಕದ 12 ಲಕ್ಷಕ್ಕೆ ಈಗ 0.96 ಲಕ್ಷ ಸಿಗುತ್ತದೆ, ಒಟ್ಟು 8.28. ಆ 22 ಲಕ್ಷದ ಗ್ರಾಹಕ ಬಿಟ್ಟರೂ ಹೋಗುವುದು 0.64, ಉಳಿಯುವುದು 7.64 ಲಕ್ಷ. ಮೊದಲಿನ ಕಾಗದದಲ್ಲಿ ಅದು 4.2 ಲಕ್ಷವಿತ್ತು.

ಅವಳು ಬಾಡಿಗೆಯನ್ನೂ ಊರಿಗೆ ಕಳುಹಿಸುವ ಹಣವನ್ನೂ ಫಿಕ್ಸೆಡ್‌ನಲ್ಲೇ ಹೊಂದಿಸಲು ಸಾಧ್ಯವೇ ಎಂದು ಇನ್ನೊಂದು ಸಂಜೆ ಲೆಕ್ಕ ಹಾಕಿ, ಗುರುವಾರ ಸಹಿ ಹಾಕಿದಳು. ಈಗ ಅವಳ ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಡೀಲ್‌ಗೂ ಒಂದು ಸಾಲಿದೆ: ಗ್ರಾಹಕನ ಹೆಸರು, ಸಹಿಯ ದಿನ, ಜಿಎಸ್‌ಟಿ ಬಿಟ್ಟ ಮೊತ್ತ, ಬಿಲ್ ಸಂಖ್ಯೆ, ಹಣ ಬಂದ ದಿನ, ತನಗೆ ಬರಬೇಕಾದ ಕಮಿಷನ್. ತ್ರೈಮಾಸಿಕದ ಕೊನೆಗೆ ಕಂಪನಿಯ ಲೆಕ್ಕ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾಳೆ. ಮೊದಲ ತ್ರೈಮಾಸಿಕದಲ್ಲೇ ಕಂಪನಿಯ ಲೆಕ್ಕದಿಂದ ಒಂದು ಡೀಲ್ ಬಿಟ್ಟುಹೋಗಿತ್ತು. ಗ್ರಾಹಕ ಟಿಡಿಎಸ್ ಮುರಿದು ಕಟ್ಟಿದ್ದನ್ನು ಲೆಕ್ಕ ವಿಭಾಗ ಬಾಕಿ ಎಂದು ತೋರಿಸಿತ್ತು. ಹಳೆಯ ಮೇಲ್ ಕಳುಹಿಸಿದಳು. ಮುಂದಿನ ತಿಂಗಳ ಸಂಬಳದಲ್ಲಿ ಅದು ಬಂತು.